ಸೆಲೆಸ್ಟ್ ಆಟವನ್ನು ಚೌಕಳಿ ಪುಸ್ತಕದಲ್ಲಿಟ್ಟು ಓದಿದ್ದು: ನನ್ನ ಅನುಭವ

ಗೇಮ್ ಮಾಡಲು ಹೊರಟವರಿಗೆ ಹತ್ತು ಆಟಗಳ ಪಟ್ಟಿ ಕೊಡುವುದಕ್ಕಿಂತ ಒಂದೇ ಆಟವನ್ನು ಎರಡು ರೂಪದಲ್ಲಿ ಓದಿಸುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಆ ಆಟ ಸೆಲೆಸ್ಟ್, ನೆಗೆಯುತ್ತಾ ಬೆಟ್ಟ ಹತ್ತುವ ಆಟ. 2015ರಲ್ಲಿ ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರಿ ನಾಲ್ಕು ದಿನದಲ್ಲಿ ಪಿಕೊ-8 ಎಂಬ, ಪುಟ್ಟ ಆಟಗಳನ್ನು ಕಟ್ಟಿ ಆಡುವ ವ್ಯವಸ್ಥೆಗೆ ಅದನ್ನು ಮಾಡಿದರು. 2018ರಲ್ಲಿ ಅದೇ ಬೆಟ್ಟ ಪೂರ್ಣ ಪ್ರಮಾಣದ ಆಟವಾಗಿ ಬಂತು. ಲೆವೆಲ್ ಕಟ್ಟುವುದನ್ನು ಚಿಕ್ಕದರಲ್ಲಿ ಕಲಿಯಬಹುದು, ಆಟದೊಳಗೆ ಕಥೆ ಹೇಳುವುದನ್ನು ದೊಡ್ಡದರಲ್ಲಿ. ಚಿಕ್ಕದು ಬ್ರೌಸರ್‌ನಲ್ಲೇ ಉಚಿತವಾಗಿ ಓಡುವುದರಿಂದ ತುಮಕೂರಿನ ಯಾವುದೇ ಕಾಲೇಜು ಲ್ಯಾಬಿನ ಹಳೇ ಕಂಪ್ಯೂಟರ್ ಸಾಕು. ಪಿಕೊ-8 ಮಾಡಿದವರ ಲೆಕ್ಸಲಾಫಲ್ ತಾಣದಲ್ಲಿ ಆಟದ ಕೆಳಗಿರುವ Code ಒತ್ತಿದರೆ ಇಡೀ ಕೋಡ್ ಬಿಚ್ಚಿಕೊಳ್ಳುತ್ತದೆ.

ಪಿಕೊ-8ರ ಪರದೆ 128 ಪಿಕ್ಸೆಲ್ ಅಗಲ, 128 ಪಿಕ್ಸೆಲ್ ಎತ್ತರ. ಒಂದು ಚೌಕ 8 ಪಿಕ್ಸೆಲ್. ಅಂದರೆ ಪರದೆ ತುಂಬುವ ಒಂದು ಕೋಣೆ 16 ಚೌಕ ಅಗಲ, 16 ಚೌಕ ಎತ್ತರ. ಗಣಿತದ ಚೌಕಳಿ ಪುಸ್ತಕದ ಒಂದು ಪುಟದಲ್ಲಿ ಅದು ಹಾಯಾಗಿ ಹಿಡಿಸುತ್ತದೆ. ನಾನು ಒಂದೊಂದು ಕೋಣೆಯನ್ನೂ ಪೆನ್ಸಿಲ್‌ನಲ್ಲಿ ನಕಲು ಮಾಡುತ್ತೇನೆ. ನೆಲಕ್ಕೆ ಗೀರು, ಮುಳ್ಳಿಗೆ ತ್ರಿಕೋನ, ಸತ್ತ ಕಡೆಯಲ್ಲೆಲ್ಲ ಒಂದು ಚುಕ್ಕೆ. ಮೊದಲ ಸಲ ಆಡುವಾಗಲೇ ಚುಕ್ಕೆ ಇಡಬೇಕು. ಎರಡನೇ ಸಲಕ್ಕೆ ಕೈ ಪಳಗಿರುತ್ತದೆ, ಎಲ್ಲಿ ಎಡವಿದ್ದೆವು ಎಂಬುದು ಮರೆತುಹೋಗಿರುತ್ತದೆ.

ನಕ್ಷೆ ಬರೆಯುವ ಮೊದಲು ಪಾತ್ರದ ಅಳತೆ ತಿಳಿದಿರಬೇಕು. ಪರದೆಯ ಚಿತ್ರ ಒಮ್ಮೆ ಬದಲಾಗುವುದಕ್ಕೆ ಒಂದು ಫ್ರೇಮ್ ಎನ್ನುತ್ತಾರೆ. ನೆಗೆದಾಗ ಮೇಲ್ಮುಖ ವೇಗ ಒಂದು ಫ್ರೇಮಿಗೆ 2 ಪಿಕ್ಸೆಲ್, ಗುರುತ್ವ ಅದನ್ನು ಫ್ರೇಮಿಗೆ 0.21ರಂತೆ ತಿನ್ನುತ್ತದೆ. ಕೂಡಿ ನೋಡಿದರೆ ಏರುವುದು 10 ಪಿಕ್ಸೆಲ್‌ಗಿಂತ ತುಸು ಹೆಚ್ಚು. ಒಂದು ಚೌಕದ ಮೆಟ್ಟಿಲನ್ನು ನೆಗೆದು ಹತ್ತಬಹುದು, ಎರಡು ಚೌಕದ್ದನ್ನು ಬರೀ ನೆಗೆತದಿಂದ ಆಗದು. ಅದಕ್ಕೆ ಡ್ಯಾಶ್ ಬೇಕು, ಅಂದರೆ ಗಾಳಿಯಲ್ಲೇ ಬೇಕಾದ ದಿಕ್ಕಿಗೆ ಒಮ್ಮೆ ರಭಸದಿಂದ ಚಿಮ್ಮುವುದು; ಖರ್ಚಾದರೆ ನೆಲ ಮುಟ್ಟಿದಾಗ ಮತ್ತೆ ತುಂಬುತ್ತದೆ. ಇಲ್ಲವೇ ಗೋಡೆಯನ್ನು ಒದ್ದು ಹಾರಬೇಕು. ಓಟದ ವೇಗ ಫ್ರೇಮಿಗೆ 1 ಪಿಕ್ಸೆಲ್ ಆದ್ದರಿಂದ ಹಾರಿ ಅದೇ ಮಟ್ಟಕ್ಕೆ ಇಳಿಯುವಷ್ಟರಲ್ಲಿ ಪಾತ್ರ ಸುಮಾರು 20 ಪಿಕ್ಸೆಲ್ ಮುಂದೆ ಹೋಗಿರುತ್ತದೆ. ಈ ಎರಡು ಅಳತೆ ಕೈಯಲ್ಲಿದ್ದರೆ ಕೋಣೆಯ ಪ್ರತಿ ಗೋಡೆಯೂ ಯಾಕೆ ಅಷ್ಟೇ ಎತ್ತರ ಎಂಬುದು ಕಾಣತೊಡಗುತ್ತದೆ. ಎರಡು ಚೌಕದ ಗೋಡೆ ಎಂದರೆ ‘ಇಲ್ಲಿ ನಿನ್ನ ಡ್ಯಾಶ್ ಖರ್ಚು ಮಾಡು’ ಎಂದು ಲೆವೆಲ್ ಹೇಳುತ್ತಿದೆ ಎಂದರ್ಥ.

ಕೋಡಿನಲ್ಲಿ ನಾನು ಎಲ್ಲರಿಗೂ ಮೊದಲು ತೋರಿಸುವುದು ಈ ಸಾಲುಗಳನ್ನು. ನಡುವೆ ಇರುವ ಡ್ಯಾಶ್ ತುಂಬುವ ಭಾಗ ಬಿಟ್ಟಿದ್ದೇನೆ.

```lua
if on_ground then
  this.grace=6
elseif this.grace>0 then
  this.grace-=1
end
```

ಗಾಳಿಯ ಮೊದಲ ಫ್ರೇಮಿನಲ್ಲೇ ಆರರಿಂದ ಒಂದು ಕಳೆಯುವುದರಿಂದ, ಅಂಚು ದಾಟಿ ಕಾಲು ಗಾಳಿಯಲ್ಲಿದ್ದರೂ ಇನ್ನೂ ಐದು ಫ್ರೇಮ್ ತನಕ ನೆಗೆತ ಸಿಗುತ್ತದೆ. ಪಿಕೊ-8ರ ಈ ಆಟ ಸೆಕೆಂಡಿಗೆ 30 ಫ್ರೇಮ್ ಓಡುವುದರಿಂದ ಅದು ಸುಮಾರು 0.17 ಸೆಕೆಂಡ್. ನೆಲ ಮುಟ್ಟುವ ಮುಂಚೆಯೇ ಬಟನ್ ಒತ್ತಿದರೆ ಅದನ್ನೂ ನಾಲ್ಕು ಫ್ರೇಮ್ ನೆನಪಿಟ್ಟುಕೊಳ್ಳುತ್ತದೆ, ಅದರ ಹೆಸರು jbuffer. ಹೊಸಬರ ಆಟದಲ್ಲಿ ಇವೆರಡೂ ಇರುವುದಿಲ್ಲ. ಆಡುವವರು ‘ನಾನು ಒತ್ತಿದೆ, ಹಾರಲಿಲ್ಲ’ ಅನ್ನುತ್ತಾರೆ. ಮಾಡಿದವರು ಕಷ್ಟ ಜಾಸ್ತಿಯಾಯಿತು ಅಂದುಕೊಂಡು ಕಂದಕವನ್ನು ಕಿರಿದು ಮಾಡುತ್ತಾರೆ. ಅಲ್ಲಿಗೆ ಒಳ್ಳೆಯ ಕೋಣೆಯೊಂದು ಕೆಟ್ಟಿತು. ತಪ್ಪು ಕೋಣೆಯದೋ ಕೈಯದೋ ಎಂದು ತಿಳಿಯಲು ಒಂದೇ ದಾರಿ: ಪರದೆ ಮತ್ತು ಬೆರಳು ಎರಡೂ ಕಾಣುವಂತೆ ಮೊಬೈಲಿನಲ್ಲಿ ವಿಡಿಯೊ ಹಿಡಿದು ನಿಧಾನವಾಗಿ ನೋಡುವುದು. ಅಂಚು ಬಿಟ್ಟ ಒಡನೆಯೇ ಬೆರಳು ಒತ್ತಿದ್ದರೆ ಕೋಡಿನ ದೋಷ. ಬೆರಳು ಒತ್ತಲೇ ಇಲ್ಲವಾದರೆ, ಅಥವಾ ಬೇರೆ ದಿಕ್ಕಿಗೆ ಹೋಗಿದ್ದರೆ, ಅವರಿಗೆ ದಾರಿ ಕಂಡಿಲ್ಲ. ಆಗ ಕೋಣೆ ತಿದ್ದಬೇಕು.

ಇನ್ನೊಂದು ವಸ್ತು, ಕುಸಿಯುವ ಕಲ್ಲು. ಮುಟ್ಟಿದ 15 ಫ್ರೇಮಿಗೆ, ಅಂದರೆ ಅರ್ಧ ಸೆಕೆಂಡಿಗೆ ಮಾಯ. 60 ಫ್ರೇಮ್, ಎರಡು ಸೆಕೆಂಡ್ ಆದಮೇಲೆ ಮತ್ತೆ ಹಾಜರ್. ಅರ್ಧ ಸೆಕೆಂಡಿನಲ್ಲಿ ಪಾತ್ರ ಓಡುವುದು 15 ಪಿಕ್ಸೆಲ್, ಹೆಚ್ಚುಕಡಿಮೆ ಎರಡು ಚೌಕ. ಹಾಗಾಗಿ ನಿಂತು ಯೋಚಿಸಲು ಸಮಯವಿಲ್ಲ, ಗಾಬರಿಯಾಗದೆ ದಾಟಲು ಸಮಯವಿದೆ. ಮರಳುವ ಸಮಯವೂ ಅಷ್ಟೇ ಮುಖ್ಯ. ಅದನ್ನು ಹತ್ತು ಸೆಕೆಂಡ್ ಮಾಡಿ ನೋಡಿ, ಕೆಳಗೆ ಬಿದ್ದು ಬದುಕಿದವರು ಸುಮ್ಮನೆ ನಿಂತು ಕಾಯುತ್ತಾರೆ, ಕೆಲವರು ಕಾಯಲಾಗದೆ ಬೇಕಂತಲೇ ಮುಳ್ಳಿಗೆ ಬೀಳುತ್ತಾರೆ.

ಇದನ್ನೇ ಇಟ್ಟುಕೊಂಡು ಮಧುಗಿರಿಯ ಏಕಶಿಲಾ ಬೆಟ್ಟ ಹತ್ತುವ ನನ್ನದೇ ಆಟಕ್ಕೆ ನಾಲ್ಕು ಕೋಣೆ ಕಟ್ಟಿದ ಬಗೆ ಹೀಗೆ. ಮೊದಲ ಕೋಣೆಯಲ್ಲಿ ಬಂಡೆ ಕಡಿದ ಮೆಟ್ಟಿಲು ಮಾತ್ರ, ಎಲ್ಲವೂ ಒಂದೊಂದು ಚೌಕ. ಎರಡನೆಯದರಲ್ಲಿ ಕುಸಿಯುವ ಕಲ್ಲು ಬರುತ್ತದೆ, ಆದರೆ ಕೆಳಗೆ ಗಟ್ಟಿ ನೆಲ. ಬಿದ್ದರೆ ಹೋಗುವುದು ಎರಡು ಸೆಕೆಂಡ್ ಅಷ್ಟೇ. ಮೂರನೆಯದರಲ್ಲಿ ಅದೇ ಕಲ್ಲಿನ ಕೆಳಗೆ ಮುಳ್ಳು. ನಾಲ್ಕನೆಯದರಲ್ಲಿ ಕಲ್ಲು ಕುಸಿದು ತೆರವಾದ ಜಾಗವೇ ದಾರಿ: ಮೇಲೆ ನಿಂತು, ಅದು ಮಾಯವಾದಾಗ ಕೆಳಗಿನ ದಿಡ್ಡಿಬಾಗಿಲಿಗೆ ಇಳಿಯಬೇಕು. ಎರಡನೇ ಕೋಣೆ ತೆಗೆದು ಆಡಿಸಿದರೆ ವ್ಯತ್ಯಾಸ ಚುಕ್ಕೆಗಳಲ್ಲೇ ತಿಳಿಯುತ್ತದೆ. ಎಲ್ಲರೂ ಒಂದೇ ಚೌಕದಲ್ಲಿ ಒಂದೇ ಒಂದು ಸಲ ಸತ್ತು, ಮರುಸಲ ಸಲೀಸಾಗಿ ದಾಟಿದ್ದರೆ ಅದು ಕಷ್ಟವಲ್ಲ, ಮೋಸ. ಚುಕ್ಕೆಗಳು ದಾರಿಯುದ್ದಕ್ಕೂ ಚದುರಿ, ಬರಬರುತ್ತಾ ಬಾಗಿಲ ಹತ್ತಿರ ಸರಿದಿದ್ದರೆ ಆಡುವವರು ಕಲಿಯುತ್ತಿದ್ದಾರೆ.

ಕಥೆಯ ವಿಷಯಕ್ಕೆ 2018ರ ಆಟ ಬೇಕು. ಅದರಲ್ಲಿ ಮ್ಯಾಡಲೀನ್ ಎಂಬ ಹುಡುಗಿ ಬೆಟ್ಟ ಹತ್ತುತ್ತಾಳೆ. ಡ್ಯಾಶ್ ಇದ್ದಾಗ ಕೂದಲು ಕೆಂಪು, ಖರ್ಚಾದರೆ ನೀಲಿ. ಎರಡನೇ ಅಧ್ಯಾಯದಲ್ಲಿ ಕನ್ನಡಿಯಿಂದ ಅವಳದೇ ಇನ್ನೊಂದು ರೂಪ ಹೊರಬಂದು, ಅವಳು ಹೋದ ದಾರಿಯನ್ನೇ ಹೆಜ್ಜೆ ಬಿಡದೆ ಅನುಸರಿಸುತ್ತದೆ. ನಿಂತರೆ ಹಿಡಿಯುತ್ತದೆ, ಹಿಂದಿರುಗಿದರೆ ಎದುರಾಗುತ್ತದೆ. ಆತಂಕ ಎಂದರೇನು ಎಂಬುದನ್ನು ಮಾತಿಲ್ಲದೆ ಬೆರಳಿಗೆ ತಿಳಿಸಿದ ಜಾಗ ಅದು. ಆರನೇ ಅಧ್ಯಾಯದಲ್ಲಿ ಇಬ್ಬರೂ ರಾಜಿಯಾದಾಗ ಒಂದು ಡ್ಯಾಶ್ ಎರಡಾಗುತ್ತದೆ, ಕೂದಲು ಗುಲಾಬಿಯಾಗುತ್ತದೆ. ಏಳನೆಯದರಲ್ಲಿ ಹಿಂದಿನ ಜಾಗಗಳ ಸಾಮಗ್ರಿಯೆಲ್ಲ ಮತ್ತೆ ಬರುತ್ತದೆ, ಈಗ ಎರಡು ಡ್ಯಾಶ್ ಇರುವವಳಿಗೆ. ಅವಳು ಬದಲಾದಳು ಎಂದು ಯಾರೂ ಹೇಳಬೇಕಿಲ್ಲ. ಮೊದಲು ಆಗದ ಅಂತರ ಈಗ ಆಗುತ್ತದೆ.

ಈ ಆಟದಲ್ಲಿ ಸಂಭಾಷಣೆಯೂ ಸಾಕಷ್ಟಿದೆ, ಚೆನ್ನಾಗಿಯೂ ಇದೆ. ಆದರೆ ಕಲಿಯುವವರು ಒಮ್ಮೆ ಮಾತನ್ನೆಲ್ಲ ಹಾರಿಸಿ ಆಡಬೇಕು, ಪುಟದ ಅಂಚಿನಲ್ಲಿ ಎರಡೇ ಸಂಗತಿ ಬರೆಯಬೇಕು: ಈ ಅಧ್ಯಾಯ ಕೈಗೆ ಏನು ಕೊಟ್ಟಿತು, ಏನು ಕಿತ್ತುಕೊಂಡಿತು. ಕಥೆಯ ಬೆನ್ನೆಲುಬು ಅಲ್ಲೇ ಸಿಗುತ್ತದೆ.

ಮಧುಗಿರಿಯ ಕೋಣೆಗಳಿಗೂ ಕಥೆ ಬಂದಿದ್ದು ಹಾಗೆಯೇ. ಬೆಟ್ಟದ ಮೇಲಿನವರಿಗೆ ನೀರು ಒಯ್ಯುವ ಹುಡುಗಿ, ಕೈಯಲ್ಲಿ ತುಂಬಿದ ಬಿಂದಿಗೆ. ಬಿಂದಿಗೆ ಇರುವಾಗ ಡ್ಯಾಶ್ ಇಲ್ಲ, ನೆಗೆತ ಮಾತ್ರ. ಹಾಗಾಗಿ ಹತ್ತುವ ದಾರಿಯಲ್ಲಿ ಎರಡು ಚೌಕದ ಗೋಡೆ ಎಲ್ಲೂ ಅಡ್ಡ ಬರಬಾರದು, ಆದರೆ ಪಕ್ಕದಲ್ಲಿ ಕಣ್ಣಿಗೆ ಬೀಳುವಂತೆ ಇರಬೇಕು. ಮೇಲೆ ಬಿಂದಿಗೆ ಇಳಿಸಿದಮೇಲೆ ಇಳಿಯುವ ದಾರಿ ಆ ಗೋಡೆಗಳ ಮೇಲೇ. ಬಿಂದಿಗೆಯಿಂದ ನೀರು ತುಳುಕಿ ಕಡಿಮೆಯಾಗುವ ಲೆಕ್ಕವನ್ನೂ ಮೊದಲು ಇಟ್ಟಿದ್ದೆ. ಜನ ಬೆಟ್ಟ ನೋಡುವುದು ಬಿಟ್ಟು ಮೂಲೆಯ ಅಂಕಿಯನ್ನೇ ನೋಡತೊಡಗಿದರು, ಅದಕ್ಕೆ ತೆಗೆದುಹಾಕಿದೆ.