ಹೆಸರು ಮುಚ್ಚಿದರೂ ಗುರುತು ಸಿಗುವಂಥ ಶುಭಾಶಯ: ಆಗಸ್ಟ್ 15ಕ್ಕೆ ಕಂಪನಿಯವರು ಏನು ಬರೆಯಬೇಕು, ಹೇಗೆ ಬರೆಯಬೇಕು

ಆಗಸ್ಟ್ 15ರ ಬೆಳಿಗ್ಗೆ ನಿಮ್ಮ ಮೊಬೈಲ್‌ಗೆ ಬರುವ ಕಂಪನಿ ಶುಭಾಶಯಗಳನ್ನು ಒಮ್ಮೆ ಸಾಲಾಗಿ ನೋಡಿ. ಪ್ರತಿಯೊಂದರ ಕೆಳಗೆ ಇರುವ ಕಂಪನಿ ಹೆಸರನ್ನು ಹೆಬ್ಬೆರಳಿನಿಂದ ಮುಚ್ಚಿ. ಯಾರು ಕಳಿಸಿದ್ದು ಅಂತ ಹೇಳಲು ಬರುತ್ತದೆಯೇ? ಮೂರು ಬಣ್ಣದ ಪಟ್ಟಿ, ಕೆಂಪು ಕೋಟೆ, ಹಾರುವ ಪಾರಿವಾಳ, ಕೆಳಗೆ "ಸಮಸ್ತ ದೇಶಬಾಂಧವರಿಗೆ ಹಾರ್ದಿಕ ಶುಭಾಶಯಗಳು". ಸಿಮೆಂಟ್ ಅಂಗಡಿಯದೂ ಅದೇ, ಕಣ್ಣಿನ ಆಸ್ಪತ್ರೆಯದೂ ಅದೇ.

ನಿಮ್ಮ ಶುಭಾಶಯಕ್ಕೂ ಇದೇ ಪರೀಕ್ಷೆ ಸಾಕು. ನಿಮ್ಮ ಹೆಸರು ತೆಗೆದು ಪಕ್ಕದ ಶೆಡ್‌ನವರ ಹೆಸರು ಹಾಕಿದರೂ ಅದು ಸರಿಹೊಂದುತ್ತದೆ ಎಂದಾದರೆ, ಅದರಲ್ಲಿ ನಿಮ್ಮದು ಏನೂ ಇಲ್ಲ. ಹಾಗಾಗಿ ಮೊದಲ ಕೆಲಸ ಒಳ್ಳೆಯ ಪದ ಹುಡುಕುವುದಲ್ಲ. ನಿಮ್ಮ ಕಂಪನಿ ಮಾತ್ರ ಹೇಳಬಹುದಾದ ಒಂದು ನಿಜ ಸಂಗತಿ ಹುಡುಕುವುದು.

ಒಂದು ಉದಾಹರಣೆ ಹಿಡಿದು ಹೋಗೋಣ. ಹುಬ್ಬಳ್ಳಿಯ ತಾರಿಹಾಳದಲ್ಲಿ ಒಂದು ವಾಲ್ವ್ ಕಾರ್ಖಾನೆ ಇದೆ ಎಂದುಕೊಳ್ಳಿ. 30-35 ಜನ ಕೆಲಸಗಾರರು. ಕುಂದಗೋಳ, ಕಲಘಟಗಿ ಕಡೆಯಿಂದ ಬಸ್ಸಿಗೆ ಬರುವವರೇ ಜಾಸ್ತಿ. ಮಾಲು ಹೋಗುವುದು ಪುಣೆ, ಕೊಯಮತ್ತೂರಿನ ಪಂಪ್ ತಯಾರಕರಿಗೆ. ಮಾಲೀಕರು ಬರೆದುಕೊಂಡ ಮೊದಲ ಕರಡು ಹೀಗಿದೆ:

"ಸಮಸ್ತ ನಾಗರಿಕರಿಗೆ ಸ್ವಾತಂತ್ರ್ಯ ದಿನಾಚರಣೆಯ ಹಾರ್ದಿಕ ಶುಭಾಶಯಗಳು. ವೀರರ ತ್ಯಾಗ ಬಲಿದಾನವನ್ನು ಸ್ಮರಿಸೋಣ. ಬಲಿಷ್ಠ ಭಾರತ ಕಟ್ಟೋಣ. ಗುಣಮಟ್ಟದ ವಾಲ್ವ್‌ಗಳಿಗೆ ನಮ್ಮನ್ನು ಸಂಪರ್ಕಿಸಿ."

ಕೊನೆಯ ಸಾಲನ್ನು ಈಗಲೇ ಹೊಡೆದುಹಾಕಿ. ವೀರರ ಬಲಿದಾನದ ಬೆನ್ನಿಗೇ ವಾಲ್ವ್ ಮಾರಾಟ ಬಂದರೆ ಓದಿದವರಿಗೆ ಕಸಿವಿಸಿ ಆಗುತ್ತದೆ. ಆವತ್ತು ಮಾರಾಟದ ಮಾತು ಬೇಡವೇ ಬೇಡ. ಫೋನ್ ನಂಬರ್, ರಿಯಾಯಿತಿ, ಘೋಷವಾಕ್ಯ, ಯಾವುದೂ ಬೇಡ.

ಶೆಡ್‌ನೊಳಗೆ ಹೋಗಿ ಕೇಳಿ

ಇನ್ನು ಉಳಿದ ಮೂರು ಸಾಲು. ಅವು ಸುಳ್ಳಲ್ಲ, ಆದರೆ ಯಾರದೂ ಅಲ್ಲ. ಇವನ್ನು ತಿದ್ದುತ್ತಾ ಕೂತರೆ ಪ್ರಯೋಜನವಿಲ್ಲ. ಮಾಲೀಕರು ಟೇಬಲ್ ಬಿಟ್ಟು ಎದ್ದು ಕೆಲಸಗಾರರ ಹತ್ತಿರ ಹೋಗಬೇಕು. "ದೇಶದ ಬಗ್ಗೆ ನಿಮಗೇನು ಅನಿಸ್ತದ?" ಎಂದು ಕೇಳಬೇಡಿ. ಅದಕ್ಕೆ ಎಲ್ಲರೂ ಶಾಲೆಯ ಭಾಷಣದ ಉತ್ತರವನ್ನೇ ಕೊಡುತ್ತಾರೆ. ಸಣ್ಣ ಪ್ರಶ್ನೆ ಕೇಳಿ. ಹೋದ ವರ್ಷ ಧ್ವಜ ಏರಿಸಿದವರು ಯಾರು? ಧ್ವಜ ಎಲ್ಲಿಂದ ತಂದಿದ್ದು? ಮಕ್ಕಳನ್ನು ಯಾರು ಕರೆದುಕೊಂಡು ಬಂದಿದ್ದರು? ಆಮೇಲೆ ಎಲ್ಲರೂ ಏನು ಮಾಡಿದರು?

ನಮ್ಮ ಉದಾಹರಣೆಯಲ್ಲಿ ಸಿಕ್ಕ ಉತ್ತರ ಇದು: "ಸಾಹೇಬ್ರು ಏರ್ಸಂಗಿಲ್ರೀ. ಲೇತ್ ಮೇಸ್ತ್ರಿ ಕಡಿಂದ ಏರಸ್ತಾರ. ಅವರ ಎಲ್ಲಾರಕಿಂತ ಹಿರೇರು." ಧ್ವಜ ಬಂದಿದ್ದು ಹುಬ್ಬಳ್ಳಿಯದೇ ಆದ ಬೆಂಗೇರಿಯಿಂದ.

ಕೈಗೆ ಎರಡು ಸಂಗತಿ ಸಿಕ್ಕವು. ಯಾವುದನ್ನು ಇಟ್ಟುಕೊಳ್ಳಬೇಕು? ಅದು ಓದುವವರು ಯಾರು ಎಂಬುದರ ಮೇಲೆ ಹೋಗುತ್ತದೆ. ಬೆಂಗೇರಿಯ ಖಾದಿ ಸಂಘದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ, ಅದಕ್ಕೆ ಬೇಕಾದ ಬಟ್ಟೆಯನ್ನು ಧಾರವಾಡ ತಾಲೂಕಿನ ಗರಗದಲ್ಲೂ ನೇಯುತ್ತಾರೆ. ಇದು ಹುಬ್ಬಳ್ಳಿಯವರಿಗೆ ಗೊತ್ತಿರುವ ವಿಷಯ. ಊರಿನವರಿಗೆ ಕಳಿಸುವ ಶುಭಾಶಯದಲ್ಲಿ ಇದನ್ನು ಬರೆದರೆ ಹೊಸದೇನೂ ಹೇಳಿದಂತಾಗುವುದಿಲ್ಲ. ಆದರೆ ಕೊಯಮತ್ತೂರಿನ ಗ್ರಾಹಕನಿಗೆ ಇದು ಹೊಸ ಸುದ್ದಿ. "ನಮ್ಮ ಶೆಡ್ ಮೇಲೆ ಹಾರುವ ಧ್ವಜ ನಮ್ಮೂರಲ್ಲೇ ಹೊಲಿದದ್ದು" ಎಂಬ ಒಂದು ಸಾಲು ಅವರಿಗೆ ನೆನಪಿನಲ್ಲಿ ಉಳಿಯುತ್ತದೆ. ನಿಮ್ಮ ಧ್ವಜ ನಿಜವಾಗಿ ಅಲ್ಲಿಯದೇ ಆಗಿದ್ದರೆ ಮಾತ್ರ ಬರೆಯಿರಿ. 2021ರ ಕೊನೆಯಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿ ಆದಮೇಲೆ ಪಾಲಿಯೆಸ್ಟರ್ ಮತ್ತು ಯಂತ್ರದ ಬಟ್ಟೆಯ ಧ್ವಜಕ್ಕೂ ಅವಕಾಶವಿದೆ, ಅದು ಪೇಟೆಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಅಂಥ ಧ್ವಜ ಏರಿಸಿ ಖಾದಿಯ ಬಗ್ಗೆ ಬರೆದರೆ ನಿಮ್ಮ ಕೆಲಸಗಾರರೇ ಮೊದಲು ಕಂಡುಹಿಡಿಯುತ್ತಾರೆ.

ಇತಿಹಾಸ ಯಾವಾಗ ಬೇಕು

ನಮ್ಮ ಭಾಗದಲ್ಲಿ ಹೋರಾಟದ ಹೆಸರುಗಳಿಗೆ ಕೊರತೆಯಿಲ್ಲ. ಹಾಗಂತ ಎಲ್ಲರನ್ನೂ ಒಂದೇ ಕಾರ್ಡಿನಲ್ಲಿ ಪೋಣಿಸಬೇಡಿ. ಕಂಪನಿ ಇರುವ ಜಾಗಕ್ಕೂ ಆ ವ್ಯಕ್ತಿಗೂ ನಿಜವಾದ ನಂಟಿದ್ದರೆ ಒಬ್ಬರ ಬಗ್ಗೆ, ಒಂದೇ ಸಂಗತಿ ಬರೆಯಿರಿ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಬರೆಯುವುದಾದರೆ ಹೀಗೆ ಬರೆಯಬಹುದು:

"1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದ ಮೈಲಾರ ಮಹಾದೇವಪ್ಪ ನಮ್ಮ ತಾಲೂಕಿನ ಮೋಟೆಬೆನ್ನೂರಿನವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಮೋಟೆಬೆನ್ನೂರಿನ ರೈತರ ಮಾಲು ಇಂದಿಗೂ ನಮ್ಮ ಅಂಗಡಿಗೆ ಬರುತ್ತದೆ. ಇವತ್ತು ಅವರನ್ನು ನೆನೆಯುತ್ತೇವೆ."

ಇಲ್ಲಿ ಮೂರನೇ ವಾಕ್ಯವೇ ಮುಖ್ಯ. ಅದು ಇಲ್ಲದಿದ್ದರೆ ಉಳಿಯುವುದು ಪಠ್ಯಪುಸ್ತಕದ ಎರಡು ಸಾಲು. ತಾರಿಹಾಳದ ವಾಲ್ವ್ ಕಾರ್ಖಾನೆಗೆ ಅಂಥ ನಂಟಿಲ್ಲ. ಹಾಗಾಗಿ ಅವರಿಗೆ ಇತಿಹಾಸ ಬೇಡ, ಲೇತ್ ಮೇಸ್ತ್ರಿ ಸಾಕು.

ಇಸವಿಯ ಲೆಕ್ಕದಲ್ಲೂ ತಪ್ಪು ಸಾಮಾನ್ಯ. 1947ರ ಆಗಸ್ಟ್ 15 ಮೊದಲ ಸ್ವಾತಂತ್ರ್ಯ ದಿನ. ಎಷ್ಟನೆಯದು ಎಂದು ತಿಳಿಯಲು ಇಸವಿಯಿಂದ 1946 ಕಳೆಯಿರಿ. 2026ರದು 80ನೆಯ ದಿನಾಚರಣೆ, ಆದರೆ ತುಂಬುವುದು 79 ವರ್ಷ. ಎರಡನ್ನೂ ಕಲಸಿ "80 ವರ್ಷ ಪೂರೈಸಿದ" ಎಂದು ಬರೆದ ಕಾರ್ಡುಗಳು ಓಡಾಡುತ್ತವೆ. ಸಂಖ್ಯೆ ಹಾಕದೇ ಇದ್ದರೂ ಏನೂ ಕಡಿಮೆಯಾಗುವುದಿಲ್ಲ.

ಒಂದಲ್ಲ, ಎರಡು ಬರೆಯಿರಿ

ಕೆಲಸಗಾರರಿಗೂ ಗ್ರಾಹಕರಿಗೂ ಒಂದೇ ಕಾರ್ಡ್ ಕಳಿಸುವುದು ದೊಡ್ಡ ತಪ್ಪು. ದಿನವೂ ಮುಖ ನೋಡುವ ಜನಕ್ಕೆ "ಸಮಸ್ತ ನಾಗರಿಕರಿಗೆ" ಎಂದು ಕಳಿಸಿದರೆ ಹೇಗಿರುತ್ತದೆ, ಹೇಳಿ?

ಕೆಲಸಗಾರರ ಗುಂಪಿಗೆ ಹಿಂದಿನ ಸಂಜೆಯೇ ಹೋಗಬೇಕು, ಅವರು ಆಡುವ ಮಾತಿನಲ್ಲೇ ಇರಬೇಕು:

"ಎಲ್ಲಾರಿಗೂ ನಮಸ್ಕಾರ ರೀ. ನಾಳೆ ಮುಂಜಾನೆ 8 ಗಂಟೆಕ್ಕ ಧ್ವಜ ಏರಸೋದೈತಿ. ಮಕ್ಕಳನ್ನೂ ಕರಕೊಂಡ ಬರ್ರಿ. ಆಮ್ಯಾಲೆ ನಾಷ್ಟಾ ಮಾಡಿ ಮನಿಗೆ ಹೋಗೂಣು. ನಾಳೆ ರಜಾ, ಪಗಾರ ಇದ್ದ ರಜಾ."

ಕೊನೆಯ ಮಾತನ್ನು ಸುಮ್ನೆ ಸೇರಿಸಿಲ್ಲ. ಕರ್ನಾಟಕದಲ್ಲಿ ಕಾರ್ಖಾನೆಗಳಿಗೆ ಆಗಸ್ಟ್ 15 ಸಂಬಳ ಸಹಿತ ರಾಷ್ಟ್ರೀಯ ರಜೆ. ತುರ್ತು ಆರ್ಡರ್ ಇದೆ ಎಂದು ಕೆಲಸ ಮಾಡಿಸಿದರೆ ದುಪ್ಪಟ್ಟು ಸಂಬಳ ಕೊಡಬೇಕು, ಇಲ್ಲವೇ ಆ ದಿನದ ಸಂಬಳದ ಜೊತೆ ಬದಲಿ ರಜೆ ಕೊಡಬೇಕು. 1963ರ ರಾಜ್ಯ ಕಾಯ್ದೆಯೇ ಇದೆ. ಇದನ್ನು ಕೊಡದೆ ಶುಭಾಶಯ ಕಳಿಸಿದರೆ ಅದನ್ನು ಕೆಲಸಗಾರರು ಹೇಗೆ ಓದುತ್ತಾರೆ ಎಂದು ಬಿಡಿಸಿ ಹೇಳಬೇಕಿಲ್ಲ. ಗುತ್ತಿಗೆ ಮೇಲೆ ಬಂದವರು, ಗೇಟಿನ ವಾಚ್‌ಮನ್, ಇವರ ರಜೆಯನ್ನೂ ಮೊದಲು ನೋಡಿಕೊಳ್ಳಿ. ಬರೆಯುವುದು ಆಮೇಲೆ.

ಗ್ರಾಹಕರಿಗೆ ಹೋಗಬೇಕಾದದ್ದು ಇದು:

"ನಮಸ್ಕಾರ. ಇವತ್ತು ಬೆಳಿಗ್ಗೆ ತಾರಿಹಾಳದ ನಮ್ಮ ಶೆಡ್ಡಿನ ಮುಂದೆ ಧ್ವಜ ಏರಿಸಿದೆವು. ಏರಿಸಿದವರು ನಮ್ಮ ಹಿರಿಯ ಲೇತ್ ಮೇಸ್ತ್ರಿ. ನಿಮ್ಮ ಪಂಪುಗಳಲ್ಲಿರುವ ನಮ್ಮ ವಾಲ್ವ್‌ಗಳಲ್ಲಿ ಎಷ್ಟೋ ಅವರ ಕೈ ದಾಟಿಯೇ ಬಂದಿವೆ. ಇವತ್ತು ಯಂತ್ರಗಳಿಗೆ ರಜೆ, ಎಲ್ಲರೂ ಮನೆಯವರ ಜೊತೆ ಇದ್ದಾರೆ. ನಿಮಗೂ ನಿಮ್ಮ ಮನೆಯವರಿಗೂ ಸ್ವಾತಂತ್ರ್ಯ ದಿನದ ಶುಭಾಶಯ."

ವಾಲ್ವ್ ಮಾತು ಇಲ್ಲೂ ಬಂತಲ್ಲ ಎನ್ನಬಹುದು. ಬಂದಿದೆ, ಆದರೆ ಮಾರಲು ಅಲ್ಲ, ಒಬ್ಬ ಮನುಷ್ಯನ ಪರಿಚಯ ಹೇಳಲು. ಕೆಳಗೆ ಮಾಲೀಕರ ಹೆಸರು ಹಾಕಿ, ಕಂಪನಿ ಹೆಸರು ಅದರ ಕೆಳಗೆ ಇರಲಿ. ಮೇಸ್ತ್ರಿಯವರ ಹೆಸರು, ಫೋಟೋ ಹಾಕುವುದಾದರೆ ಅವರನ್ನು ಕೇಳಿ, ಬರೆದದ್ದನ್ನು ಅವರಿಗೆ ಓದಿ ಹೇಳಿ, ಒಪ್ಪಿದರೆ ಮಾತ್ರ ಹಾಕಿ. ಓದಿ ಹೇಳುವಾಗ ನಿಮಗೇ ಸಂಕೋಚವಾಗುವ ಸಾಲು ಸಿಕ್ಕರೆ, ತೆಗೆಯಬೇಕಾದ ಸಾಲು ಅದೇ.

ಚಿತ್ರದಲ್ಲಿ ಆಗುವ ತಪ್ಪು

ಮಾತು ಚೆನ್ನಾಗಿದ್ದರೂ ಚಿತ್ರ ಕೈಕೊಡುವುದುಂಟು. ಡಿಸೈನರ್ ಹುಡುಗರು ಮೊದಲು ಮಾಡುವುದೇ ಕೇಸರಿ, ಬಿಳಿ, ಹಸಿರು ಪಟ್ಟಿ, ನಡುವೆ ಚಕ್ರ, ಅದರ ಮೇಲೆ ಅಕ್ಷರ, ಮೂಲೆಯಲ್ಲಿ ಲೋಗೋ. ಧ್ವಜ ಸಂಹಿತೆಯ ಪ್ರಕಾರ ಧ್ವಜದ ಮೇಲೆ ಯಾವ ಬರಹವೂ ಇರಬಾರದು, ಧ್ವಜವನ್ನು ಯಾವ ರೂಪದಲ್ಲೂ ಜಾಹೀರಾತಿಗೆ ಬಳಸಬಾರದು. ಧ್ವಜದ ಕಂಬಕ್ಕೆ ಕಂಪನಿಯ ಬೋರ್ಡು ಕಟ್ಟುವುದೂ ತಪ್ಪು. ರಾಷ್ಟ್ರಧ್ವಜ ಮತ್ತು ಗಾಂಧೀಜಿಯ ಹೆಸರು, ಚಿತ್ರಗಳನ್ನು ವ್ಯಾಪಾರಕ್ಕೆ ಬಳಸದಂತೆ 1950ರಷ್ಟು ಹಿಂದೆಯೇ ಕಾಯ್ದೆ ಬಂದಿದೆ. ಹಾಗಾಗಿ ಗಾಂಧೀಜಿಯ ಪಕ್ಕದಲ್ಲಿ ಲೋಗೋ ಕೂರಿಸುವ ಕಾರ್ಡನ್ನು ಪೂರ್ತಿ ಬಿಟ್ಟುಬಿಡಿ.

ಇದರಿಂದ ಪಾರಾಗುವ ದಾರಿ ಸುಲಭ. ನಿಮ್ಮದೇ ಅಂಗಳದ ಫೋಟೋ ಬಳಸಿ. ಕೆಲಸಗಾರರು, ಅವರ ಮಕ್ಕಳು ಸಾಲಾಗಿ ನಿಂತದ್ದು. ಫೋಟೋದ ಮೇಲೆ ಅಕ್ಷರವೂ ಬೇಡ, ಲೋಗೋವೂ ಬೇಡ. ಮಾತನ್ನು ಕೆಳಗೆ ಬೇರೆಯಾಗಿ ಟೈಪ್ ಮಾಡಿ. ಚಿತ್ರದೊಳಗೆ ಅಕ್ಷರ ತುರುಕಿದರೆ ಸಣ್ಣ ಮೊಬೈಲಿನಲ್ಲಿ ಓದಲು ಬರುವುದಿಲ್ಲ, ಕನ್ನಡದ ಒತ್ತಕ್ಷರಗಳು ಒಡೆದುಹೋಗುವುದೂ ಇದೆ. ಎಲ್ಲರೂ ಕ್ಯಾಮೆರಾ ನೋಡಿ ಸಲ್ಯೂಟ್ ಹೊಡೆಯುವ ಫೋಟೋಗಿಂತ, ಮಕ್ಕಳು ಲಾಡು ತಿನ್ನುತ್ತಿರುವ ಫೋಟೋ ನನಗೆ ಹೆಚ್ಚು ಇಷ್ಟ.

ಕಳಿಸುವ ಹೊತ್ತು

"ಇವತ್ತು ಬೆಳಿಗ್ಗೆ ಧ್ವಜ ಏರಿಸಿದೆವು" ಎಂಬ ಮಾತು ಬೆಳಗಿನ 6 ಗಂಟೆಗೇ ತಾನಾಗಿ ಹೋದರೆ ಅದು ಸುಳ್ಳು. ಮಳೆ ಬಂದು ಕಾರ್ಯಕ್ರಮ ತಡವಾಗಬಹುದು, ಮೇಸ್ತ್ರಿಯವರು ಊರಿಗೆ ಹೋಗಿರಬಹುದು. ಕರಡು ಮೊದಲೇ ಸಿದ್ಧವಿರಲಿ. ಕಾರ್ಯಕ್ರಮ ಮುಗಿದ ಮೇಲೆ ಆದದ್ದಕ್ಕೆ ತಕ್ಕಂತೆ ತಿದ್ದಿ, 10 ಗಂಟೆಯ ಹೊತ್ತಿಗೆ ಕಳಿಸಿ. ಅಷ್ಟೊತ್ತಿಗೆ ಮುಂಜಾನೆಯ ಕಾರ್ಡುಗಳ ಗದ್ದಲವೂ ಕಡಿಮೆಯಾಗಿರುತ್ತದೆ.

ಹಳೆಯ ಗ್ರಾಹಕರಿಗೆ, ಕಬ್ಬಿಣ ಪೂರೈಸುವವರಿಗೆ, ಮಾಲು ಸಾಗಿಸುವ ಲಾರಿಯವರಿಗೆ ಹೆಸರು ಹಿಡಿದು ಒಬ್ಬೊಬ್ಬರಿಗೇ ಕಳಿಸಿ. ಎಲ್ಲರಿಗೂ ಆಗದಿದ್ದರೆ ಹತ್ತು ಜನರಿಗಾದರೂ ಕಳಿಸಿ. ಅವರಲ್ಲಿ ಯಾರಾದರೂ "ಮೇಸ್ತ್ರಿಯವರಿಗೆ ನಮಸ್ಕಾರ ಹೇಳ್ರಿ" ಎಂದು ಉತ್ತರ ಬರೆದರೆ ಅದನ್ನು ಮೇಸ್ತ್ರಿಯವರಿಗೆ ತೋರಿಸಿ, ಅವರು ಹೇಳಿದ್ದನ್ನು 16ರಂದು ಮರಳಿ ಬರೆಯಿರಿ. ಹಾಗೆಯೇ ಮುಂದಿನ ವರ್ಷ ಇದೇ ಮಾತನ್ನು ಮತ್ತೆ ಕಳಿಸಬೇಡಿ. ಜುಲೈ ಕೊನೆಯ ವಾರ ಶೆಡ್‌ನೊಳಗೆ ಹೋಗಿ ಹೊಸದಾಗಿ ಕೇಳಿ.