ಸುಟ್ಟೋದ ಸ್ಟಾಕ್ ಎಷ್ಟಿತ್ತು ಅಂತ ಲೆಕ್ಕ ಹಾಕೋದು ಹೇಗೆ?

ಮೊದಲು ಇನ್ಶೂರೆನ್ಸ್ ಕಂಪನಿಗೆ ತಿಳಿಸಿ, ಸರ್ವೇಯರ್ ಬಂದು ನೋಡೋವರೆಗೂ ಸುಟ್ಟ ಮಾಲು ಎಸೀಬೇಡಿ. ಇದು ಸುಲಭದ ಕೆಲಸ, ಜನ ಎಡವೋದು ಮುಂದಿನ ಲೆಕ್ಕದಲ್ಲೇ.

ಒಂದು ಬಟ್ಟೆ ಅಂಗಡಿ ತಗೊಳ್ಳಿ, ಆಗಸ್ಟ್ 20ಕ್ಕೆ ಬೆಂಕಿ ಬಿತ್ತು. ಹೋದ ವರ್ಷ ಮಾರಾಟ 40 ಲಕ್ಷ, ಮಾರಿದ ಮಾಲಿನ ಅಸಲು 30 ಲಕ್ಷ, ಅಂದ್ರೆ ಗ್ರಾಸ್ ಪ್ರಾಫಿಟ್ 10 ಲಕ್ಷ, ಮಾರಾಟದ ಮೇಲೆ 25%. ಏಪ್ರಿಲ್ 1ಕ್ಕೆ ಸ್ಟಾಕ್ 8 ಲಕ್ಷ, ಆಮೇಲೆ ಖರೀದಿ 15.5 ಲಕ್ಷ, ಮಾರಾಟ 17 ಲಕ್ಷ. ಎಲ್ಲ ಜಿಎಸ್‌ಟಿ ಬಿಟ್ಟು.

ಇಲ್ಲಿ ತುಂಬಾ ಜನ 17 ಲಕ್ಷಕ್ಕೂ 25% ಹಾಕಿಬಿಡ್ತಾರೆ, ಆದ್ರೆ ಆ 17ರಲ್ಲಿ ಹಳೇ ಸೀರೆಗಳ ಕ್ಲಿಯರೆನ್ಸ್ ಸೇಲ್‌ದು 1 ಲಕ್ಷ ಇದೆ, ಅವುಗಳ ಅಸಲು 1.5 ಲಕ್ಷ, ಲಾಭ ಬಿಡಿ ನಷ್ಟ, ಅದಕ್ಕೆ 25% ಲಾಭ ಹಚ್ಚೋಕಾಗಲ್ಲ. ಅದನ್ನ ಬೇರೆ ಮಾಡಿ. ಉಳಿದ 16 ಲಕ್ಷದ ಅಸಲು 75%, ಅಂದ್ರೆ 12 ಲಕ್ಷ. 8 ಮತ್ತೆ 15.5 ಸೇರಿಸಿದ್ರೆ 23.5 ಲಕ್ಷ, ಅದರಲ್ಲಿ ಹಳೇ ಸೀರೆ ಅಸಲು 1.5, ಉಳಿದದ್ದರ ಅಸಲು 12 ಕಳೆದ್ರೆ ಬೆಂಕಿ ದಿನದ ಸ್ಟಾಕ್ 10 ಲಕ್ಷ. ಬೇರೆ ಮಾಡದೇ ಇದ್ರೆ 10.75 ಬರ್ತಿತ್ತು, ಸರ್ವೇಯರ್ ಬಿಲ್ ಬುಕ್ ತೆಗೆದ ಕೂಡಲೇ ಆ 75 ಸಾವಿರ ಹಿಡೀತಾರೆ, ಆಮೇಲೆ ಉಳಿದ ಲೆಕ್ಕದ ಮೇಲೂ ಅನುಮಾನ.

ಇನ್ನೊಂದು ತಪ್ಪು, ಇದರಲ್ಲಿ ನಷ್ಟ ನಮ್ಗೇ: 16 ಲಕ್ಷವನ್ನ 1.25ರಿಂದ ಭಾಗಿಸೋದು. ಆಗ ಅಸಲು 12.8 ಬಂದು 80 ಸಾವಿರದ ಸ್ಟಾಕ್ ಮಾಯ. ಮಾರಾಟದ ಮೇಲಿನ 25% ಅಂದ್ರೆ ಅಸಲಿನ ಮೇಲೆ 33.33%, ಎರಡನ್ನೂ ಕಲಸಬೇಡಿ.

ಲಾರಿಯಿಂದ ಇನ್ನೂ ಇಳಿಯದ ಮಾಲಿನ ಬಿಲ್ ಖರೀದಿಗೆ ಸೇರಿದ್ರೆ ತೆಗೀರಿ, ಮನೆಗೆ ಒಯ್ದ ಬಟ್ಟೆ ಅಸಲಲ್ಲಿ ಕಳೀರಿ. ಬಿಲ್ಲಿಂಗ್ ಸಾಫ್ಟ್‌ವೇರ್‌ನ ಸ್ಟಾಕ್ ರಿಪೋರ್ಟ್ ಒಂದನ್ನೇ ನಂಬೋದು ಬೇಡ, ಎಂಟ್ರಿ ತಪ್ಪಿದ್ರೆ ಮೈನಸ್ ಸ್ಟಾಕೂ ತೋರಿಸತ್ತೆ. ಒಂದೇ ವರ್ಷದ ಲಾಭದ ರೇಟ್ ಹಿಡ್ಕೊಂಡು ಹೋಗ್ಬೇಡಿ, ಮೂರು ವರ್ಷದ್ದು ನೋಡಿ, ಹತ್ತಿರ ಹತ್ತಿರ ಇದ್ರೆ ಸರ್ವೇಯರ್ ಜೊತೆ ವಾದ ಕಡಿಮೆ. ಏಜೆಂಟ್ "30% ಹಾಕ್ಬಿಡಿ ಸಾರ್" ಅಂದ್ರೆ ಕೇಳ್ಬೇಡಿ, ರೇಟ್ ಜಾಸ್ತಿ ಮಾಡಿದ್ರೆ ಸ್ಟಾಕ್ ಜಾಸ್ತಿ ಕಾಣತ್ತೆ ನಿಜ, ಆದ್ರೆ ಹೋದ ವರ್ಷದ ಬ್ಯಾಲೆನ್ಸ್ ಶೀಟಲ್ಲಿ 25% ಇರತ್ತಲ್ಲ!

ಸುಡದೇ ಉಳಿದ ಮಾಲು 1 ಲಕ್ಷದ್ದು, ಹಾಗಾಗಿ ನಷ್ಟ 9 ಲಕ್ಷ. ಪಾಲಿಸಿ 8 ಲಕ್ಷಕ್ಕಷ್ಟೇ ಮಾಡಿಸಿದ್ರೆ ಆವರೇಜ್ ಕ್ಲಾಝ್ ಬರತ್ತೆ, ಅಂದ್ರೆ ಸ್ಟಾಕಿಗಿಂತ ಪಾಲಿಸಿ ಎಷ್ಟು ಕಡಿಮೆಯೋ ಪರಿಹಾರವೂ ಅದೇ ಪಾಲಲ್ಲಿ ಕಡಿಮೆ ಅನ್ನೋ ಷರತ್ತು: 9 ಲಕ್ಷಕ್ಕೆ ಹತ್ತರಲ್ಲಿ ಎಂಟು ಪಾಲು, 7.2 ಲಕ್ಷ. ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಲಿ 15%ವರೆಗಿನ ಕೊರತೆ ಬಿಟ್ಟುಬಿಡ್ತಾರೆ, ಇಲ್ಲಿ ಕೊರತೆ 20%, ಅಲ್ಲೂ ಕತ್ತರಿ ಬೀಳತ್ತೆ.