V18ರಲ್ಲಿ ಐದು ವರ್ಷ ಅನುಭವ ಕೇಳುವ ಜಾಹೀರಾತನ್ನು ನಾನು ಓದುವ ರೀತಿ

ಕೊಪ್ಪಳದ ಗಿಣಿಗೇರಾ, ಬಳ್ಳಾರಿಯ ತೋರಣಗಲ್ಲು ಕಡೆಯ ಉಕ್ಕು ಮತ್ತು ಸ್ಪಾಂಜ್ ಐರನ್ ಕಾರ್ಖಾನೆಗಳಲ್ಲಿ ಇನ್‌ಸ್ಟ್ರುಮೆಂಟೇಶನ್ ಕೆಲಸಕ್ಕೆ ಬರುವ ಜಾಹೀರಾತುಗಳಲ್ಲಿ ಒಂದು ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಮೇಲೆ "ಜೂನಿಯರ್ ಇಂಜಿನಿಯರ್, ಡಿಪ್ಲೊಮಾ, ಅನುಭವ 1–3 ವರ್ಷ" ಅಂತಿರುತ್ತದೆ. ಕೆಳಗೆ "ಟಿಐಎ ಪೋರ್ಟಲ್ V18ರಲ್ಲಿ ಕನಿಷ್ಠ 5 ವರ್ಷ" ಅಂತಿರುತ್ತದೆ. ಟಿಐಎ ಪೋರ್ಟಲ್ ಅಂದರೆ ಕಾರ್ಖಾನೆಯ ಯಂತ್ರಗಳನ್ನು ನಡೆಸುವ ಸೀಮೆನ್ಸ್ ಪಿಎಲ್‌ಸಿಗಳಿಗೆ ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರ್, V18 ಅದರ ಒಂದು ಆವೃತ್ತಿ. ಡಿಪ್ಲೊಮಾ ಮುಗಿಸಿದ ಹುಡುಗರು ಇದನ್ನು ಓದಿ, ಒಂದೋ ಅರ್ಜಿಯನ್ನೇ ಬಿಡುತ್ತಾರೆ, ಇಲ್ಲವೇ ರೆಸ್ಯೂಮ್‌ನಲ್ಲಿ "5" ಅಂತ ಬರೆದುಬಿಡುತ್ತಾರೆ. ಎರಡರಿಂದಲೂ ನಷ್ಟವೇ. ಇಂಥ ಜಾಹೀರಾತನ್ನು ನಾನು ಹೇಗೆ ಬಿಡಿಸಿ ಓದುತ್ತೇನೆ ಅನ್ನುವುದನ್ನು ಒಂದೇ ಉದಾಹರಣೆ ಹಿಡಿದು ಹೇಳುತ್ತೇನೆ. ಜಾಹೀರಾತು ಬಂದದ್ದು 2025ರ ಜೂನ್‌ನಲ್ಲಿ ಅಂತ ಇಟ್ಟುಕೊಳ್ಳಿ.

ಮೊದಲ ಕೆಲಸ ತಾರೀಖು ನೋಡುವುದು. ಸೀಮೆನ್ಸ್‌ನ ಟಿಐಎ ಪೋರ್ಟಲ್ 2010ರಿಂದ ಇದೆ, ಅದರ V18 ಮಾತ್ರ ಬಂದದ್ದು 2022ರ ಕೊನೆಗೆ. ಅಂದರೆ 2025ರ ಜೂನ್‌ಗೆ V18ರಲ್ಲಿ ಯಾರಿಗಾದರೂ ಇರಬಹುದಾದ ಹೆಚ್ಚಿನ ಅನುಭವ ಎರಡೂವರೆ ವರ್ಷದ ಆಸುಪಾಸು. ಅದೂ ಬಿಡುಗಡೆಯಾದ ದಿನವೇ ಹಾಕಿಕೊಂಡವರಿಗೆ. ಓಡುತ್ತಿರುವ ಕಾರ್ಖಾನೆಯಲ್ಲಿ ಹೊಸ ಆವೃತ್ತಿಯನ್ನು ಯಾರೂ ಅಷ್ಟು ಬೇಗ ಹಾಕುವುದಿಲ್ಲ. ಈ ತಾರೀಖನ್ನು ಗುಂಪಿನಲ್ಲಿ ಬಂದ ಮೆಸೇಜ್ ನೋಡಿ ನಂಬಬಾರದು. ಸೀಮೆನ್ಸ್‌ನ ಸಪೋರ್ಟ್ ಜಾಲತಾಣದಲ್ಲಿ ಆವೃತ್ತಿಯ ಬಿಡುಗಡೆ ಪ್ರಕಟಣೆ ತೆಗೆದು, ಅಲ್ಲಿರುವ ತಾರೀಖನ್ನೇ ಬರೆದಿಟ್ಟುಕೊಳ್ಳಿ.

ತಪ್ಪು ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಬಾರದು. ಆ ಸಾಲಿನಲ್ಲಿ V18 ಅಂತಲೇ ಯಾಕೆ ಬಂತು? ಆ ಕಾರ್ಖಾನೆಯ ಪಿಎಲ್‌ಸಿ ಪ್ರಾಜೆಕ್ಟ್ V18ರಲ್ಲಿ ಸೇವ್ ಆಗಿರುತ್ತದೆ, ಫೈಲ್‌ನ ಹೆಸರಿನ ಕೊನೆಗೆ `.ap18` ಅಂತಿರುತ್ತದೆ. ಅದನ್ನು V17 ಇರುವ ಲ್ಯಾಪ್‌ಟಾಪ್‌ನಲ್ಲಿ ತೆಗೆಯಲು ಆಗುವುದಿಲ್ಲ. V19ರಲ್ಲಿ ತೆಗೆದರೆ ಪ್ರಾಜೆಕ್ಟ್ ಮೇಲಿನ ಆವೃತ್ತಿಗೆ ಏರುತ್ತದೆ, ಏರಿದ ಪ್ರಾಜೆಕ್ಟ್ ಮತ್ತೆ V18ಕ್ಕೆ ಇಳಿಯುವುದಿಲ್ಲ. ಹಾಗಾಗಿ ಡಿಪಾರ್ಟ್‌ಮೆಂಟಿನ ಇಂಜಿನಿಯರ್ "ನಮ್ಮಲ್ಲಿ V18 ಇದೆ, ಸೀಮೆನ್ಸ್ ಮೇಲೆ ಒಳ್ಳೆ ಕೈ ಇರುವವರು ಬೇಕು" ಅಂತ ಹೇಳಿರುತ್ತಾರೆ. ಎಚ್‌ಆರ್‌ನ ಹಳೆಯ ನಮೂನೆಯಲ್ಲಿ "ಕನಿಷ್ಠ 5 ವರ್ಷ" ಅನ್ನುವುದು ಮೊದಲೇ ಕೂತಿರುತ್ತದೆ. ಎರಡೂ ಒಂದೇ ಸಾಲಿಗೆ ಸೇರಿ ಈ ರೂಪ ಬರುತ್ತದೆ. ಆವೃತ್ತಿಯ ಸಂಖ್ಯೆ ಹೇಳುವುದು ಅಲ್ಲಿರುವ ಫೈಲ್‌ನ ಬಗ್ಗೆ, ಅಭ್ಯರ್ಥಿಯ ಕೌಶಲದ ಬಗ್ಗೆ ಅಲ್ಲ.

ಇನ್ನು 1–3 ಮತ್ತು 5, ಇವೆರಡರಲ್ಲಿ ಯಾವುದನ್ನು ನಂಬುವುದು? ನಾನು ಮೇಲಿನದನ್ನೇ ನಂಬುತ್ತೇನೆ. ಹುದ್ದೆಯ ಗ್ರೇಡ್, ಸಂಬಳ, ಒಟ್ಟು ಅನುಭವ ಇವು ಮಂಜೂರಾಗಿ ಬಂದಿರುತ್ತವೆ, ಜಾಹೀರಾತು ಟೈಪ್ ಮಾಡುವವರು ಅವನ್ನು ಬದಲಿಸಲಾರರು. ಕೆಳಗಿನ ಪಟ್ಟಿಗೆ ಯಾರು ಬೇಕಾದರೂ ಒಂದು ಸಾಲು ಸೇರಿಸಬಹುದು. ಆಮೇಲೆ ಕೆಲಸದ ವಿವರದಲ್ಲಿರುವ ಕ್ರಿಯಾಪದಗಳನ್ನು ನೋಡುತ್ತೇನೆ. "ಕಿಲ್ನ್ ಶಿಫ್ಟ್‌ನಲ್ಲಿ ಬ್ರೇಕ್‌ಡೌನ್ ಅಟೆಂಡ್ ಮಾಡುವುದು" ಅಂತಿದ್ದರೆ ಅವರಿಗೆ ಬೇಕಿರುವುದು ಆನ್‌ಲೈನ್ ಹೋಗಿ ಯಾವ ಇಂಟರ್‌ಲಾಕ್ ತಡೆಯುತ್ತಿದೆ ಅಂತ ಹುಡುಕಬಲ್ಲವರು. "ಮೈಗ್ರೇಶನ್, ಕಮಿಶನಿಂಗ್" ಅಂತಿದ್ದು ಜೊತೆಗೆ S7-300, S7-1500 ಎರಡರ ಹೆಸರೂ ಇದ್ದರೆ, ಹಳೆಯ S7-300 ತೆಗೆದು S7-1500 ಹಾಕುವ ಕೆಲಸ ನಡೆದಿದೆ ಅಥವಾ ಬರಲಿದೆ. ಆಗ S7-300ಕ್ಕೆ ಬಳಸುವ ಹಳೆಯ ಸಾಫ್ಟ್‌ವೇರ್ STEP 7 V5 ಬಲ್ಲವರಿಗೂ ಅಲ್ಲಿ ಬೆಲೆ ಇದೆ, ಜಾಹೀರಾತಿನಲ್ಲಿ ಅದರ ಹೆಸರೇ ಇಲ್ಲದಿದ್ದರೂ.

ಇಷ್ಟಾದ ಮೇಲೆ ಒಂದು ಫೋನ್. ತಪ್ಪು ಎತ್ತಿ ತೋರಿಸುವ ದನಿ ಬೇಡ, ಎರಡರಲ್ಲಿ ಒಂದು ಆರಿಸುವಂತೆ ಕೇಳಬೇಕು: "ಮೇಡಂ, ಐದು ವರ್ಷ ಅಂತ ಹಾಕೀರಿ. ಅದು V18 ಒಂದರಾಗ ಐದೋ, ಒಟ್ಟು ಸೀಮೆನ್ಸ್ ಪಿಎಲ್‌ಸಿ ಮ್ಯಾಲೆ ಐದೋ? ಮ್ಯಾಲೆ ಒಂದರಿಂದ ಮೂರು ಅಂತ ಐತ್ರಿ, ಅದಕ್ಕ ಕೇಳಾಕತ್ತೀನಿ." ಎಚ್‌ಆರ್‌ಗೆ ಗೊತ್ತಿಲ್ಲದಿದ್ದರೆ ಡಿಪಾರ್ಟ್‌ಮೆಂಟ್‌ಗೆ ಕೇಳಿ ಹೇಳುತ್ತಾರೆ. ಆ ಕರೆಯಿಂದಲೇ ಎಷ್ಟೋ ಸಲ ಜಾಹೀರಾತಿನ ಸಾಲು ಸರಿಯಾಗುತ್ತದೆ. ಉತ್ತರ ಬಂದ ದಿನವೇ ಅದನ್ನು ಉಲ್ಲೇಖಿಸಿ ರೆಸ್ಯೂಮ್ ಅನ್ನು ಮೇಲ್ ಮಾಡಿ.

ಈಗ ರೆಸ್ಯೂಮ್. ಅಭ್ಯರ್ಥಿ 2021ರ ಜುಲೈನಲ್ಲಿ ಕೆಲಸಕ್ಕೆ ಸೇರಿದವರು. S7-300 ಮತ್ತು STEP 7 V5 ಮೇಲೆ ಮೊದಲಿನಿಂದಲೂ ಕೆಲಸ, 2022ರ ಜನವರಿಯಿಂದ ಟಿಐಎ V16, 2023ರ ಆಗಸ್ಟ್‌ನಿಂದ V18. ಅವರು ಬರೆಯಬೇಕಾದ್ದು ಹೀಗೆ: ಸೀಮೆನ್ಸ್ ಪಿಎಲ್‌ಸಿ ಒಟ್ಟು 3 ವರ್ಷ 11 ತಿಂಗಳು, ಅದರಲ್ಲಿ ಟಿಐಎ ಪೋರ್ಟಲ್ 3 ವರ್ಷ 5 ತಿಂಗಳು, V16ರಿಂದ V18ರ ತನಕ, V18 ಒಂದರಲ್ಲೇ 1 ವರ್ಷ 10 ತಿಂಗಳು. ಎರಡು ಸಾಫ್ಟ್‌ವೇರ್ ಜೊತೆಜೊತೆಗೆ ನಡೆದ ತಿಂಗಳುಗಳನ್ನು ಕೂಡಿಸಿ ಒಟ್ಟು ಹೆಚ್ಚಿಸಬಾರದು, ಕ್ಯಾಲೆಂಡರ್ ಒಂದೇ. ಆನ್‌ಲೈನ್ ಫಾರ್ಮ್‌ನ ಚೌಕದಲ್ಲಿ "V18 ಅನುಭವ, ವರ್ಷ" ಅಂತ ಪೂರ್ಣಸಂಖ್ಯೆ ಮಾತ್ರ ಕೇಳಿದರೆ, ತುಂಬಿದ ವರ್ಷ, ಅಂದರೆ 1. ಅದರಿಂದ ಅರ್ಜಿ ತಾನಾಗಿಯೇ ಬಿದ್ದುಹೋಗುವ ಸಾಧ್ಯತೆ ಇದೆ ನಿಜ. ಫೋನ್ ಮತ್ತು ಮೇಲ್ ಮೊದಲೇ ಮಾಡಿಕೊಳ್ಳಿ ಅನ್ನುವುದು ಅದಕ್ಕೇ. ಮೇಲ್‌ನಲ್ಲಿ ಹೋದ ರೆಸ್ಯೂಮ್‌ಗೆ ಆ ಚೌಕದ ಅಡ್ಡಿ ಇರುವುದಿಲ್ಲ.

ತರಬೇತಿ ಕೇಂದ್ರದಲ್ಲಿ ಕಲಿತವರಿಗೆ ಒಂದು ಎಚ್ಚರಿಕೆ. ಅಲ್ಲಿ ಟಿಐಎ ಪೋರ್ಟಲ್‌ನ STEP 7 ಬೇಸಿಕ್ ಮೇಲೆ ಕಲಿತಿದ್ದರೆ ಪಿಎಲ್‌ಸಿಗಳಲ್ಲಿ ನೀವು ಮುಟ್ಟಿರುವುದು S7-1200 ಮಾತ್ರ. ಟಿಐಎ ಪೋರ್ಟಲ್‌ನಲ್ಲಿ S7-300, S7-1500 ಎರಡಕ್ಕೂ STEP 7 ಪ್ರೊಫೆಷನಲ್ ಬೇಕು. "V18 ಗೊತ್ತು" ಅಂತ ಬರೆಯುವಾಗ ಯಾವ ಸಿಪಿಯು ಅನ್ನುವುದನ್ನೂ ಬರೆಯಿರಿ, ಸಂದರ್ಶನದಲ್ಲಿ ಅದೇ ಮೊದಲ ಪ್ರಶ್ನೆ ಆಗಬಹುದು.

ಕಾಂಟ್ರಾಕ್ಟರ್ ಕೈಕೆಳಗೆ ಕೆಲಸ ಮಾಡಿದವರು ತಾರೀಖಿನ ಬಗ್ಗೆ ಇನ್ನೂ ಹುಷಾರಾಗಿರಬೇಕು. ಪಿಎಫ್‌ನ ಯುಎಎನ್ ಖಾತೆಯ ಸರ್ವಿಸ್ ಹಿಸ್ಟರಿಯಲ್ಲಿ ಕಾಣುವುದು ಕಾಂಟ್ರಾಕ್ಟರ್‌ನ ಹೆಸರು, ಸೇರಿದ ದಿನ, ಬಿಟ್ಟ ದಿನ. ರೆಸ್ಯೂಮ್‌ನಲ್ಲಿ ಕಾರ್ಖಾನೆಯ ಹೆಸರಷ್ಟೇ ಇದ್ದರೆ ಪರಿಶೀಲನೆಯಲ್ಲಿ ಎರಡೂ ಹೊಂದುವುದಿಲ್ಲ. "ಇಂಥ ಕಾಂಟ್ರಾಕ್ಟರ್ ಮೂಲಕ, ಇಂಥ ಕಾರ್ಖಾನೆಯಲ್ಲಿ" ಅಂತ ಎರಡನ್ನೂ ಬರೆಯಿರಿ. ವರ್ಷ ಹಿಗ್ಗಿಸಿದವರು ಸಿಕ್ಕಿಬೀಳುವುದೂ ಇಲ್ಲೇ.

ಸರ್ಕಾರಿ ನಿಗಮಗಳ ಅಧಿಸೂಚನೆಗೆ ಈ ಯಾವ ದಾರಿಯೂ ನಡೆಯುವುದಿಲ್ಲ. ಅಲ್ಲಿ ಬರೆದದ್ದೇ ಅರ್ಹತೆ, ಅನುಭವದ ಲೆಕ್ಕ ನಿಗದಿತ ದಿನಾಂಕಕ್ಕೆ. ಸಂಶಯವಿದ್ದರೆ ಕೊನೆಯ ದಿನಕ್ಕೆ ಮುಂಚೆ ಲಿಖಿತವಾಗಿ ಕೇಳಬೇಕು. ಫೋನಿನಲ್ಲಿ ಯಾರೋ "ನಡೀತದ, ಹಾಕ್ರಿ" ಅಂದದ್ದು ದಾಖಲೆ ಪರಿಶೀಲನೆಯ ದಿನ ನೆರವಿಗೆ ಬರುವುದಿಲ್ಲ.

ಸಂದರ್ಶನದಲ್ಲಿ "V18ರಲ್ಲಿ ಐದು ವರ್ಷ ಕೇಳಿದ್ದೆವಲ್ಲ?" ಅಂದರೆ, ಅದು ಬಂದದ್ದೇ ಇತ್ತೀಚೆಗೆ ಅಂತ ವಾದಕ್ಕೆ ಇಳಿಯಬೇಡಿ. V16ರ ಪ್ರಾಜೆಕ್ಟ್ V18ಕ್ಕೆ ಏರಿಸುವ ಮುಂಚೆ ಹಳೆಯದನ್ನು `.zap16` ಆರ್ಕೈವ್ ಮಾಡಿ ಬೇರೆ ಡ್ರೈವ್‌ನಲ್ಲಿ ಇಟ್ಟದ್ದು, ಏರಿಸಿದ ಮೇಲೆ ಪೂರ್ತಿ ಕಂಪೈಲ್ ಮಾಡಿ ಬಂದ ಎಚ್ಚರಿಕೆಗಳನ್ನು ಒಂದೊಂದಾಗಿ ನೋಡಿದ್ದು, ಶಟ್‌ಡೌನ್ ಸಿಗುವ ತನಕ ಡೌನ್‌ಲೋಡ್ ಮಾಡದೆ ಕಾದದ್ದು — ನೀವು ನಿಜವಾಗಿ ಮಾಡಿದ್ದನ್ನು ಈ ಕ್ರಮದಲ್ಲಿ ಹೇಳಿ. ಎದುರಿಗೆ ಕೂತಿರುವ ಇಂಜಿನಿಯರ್‌ನ ಲ್ಯಾಪ್‌ಟಾಪ್‌ನಲ್ಲಿ ಇರುವುದೂ ಅದೇ `.ap18` ಫೈಲ್. ಅದನ್ನು ನಿಮ್ಮ ಕೈಗೆ ಕೊಡಬಹುದೋ ಇಲ್ಲವೋ ಅನ್ನುವುದನ್ನು ಅವರು ಈ ಉತ್ತರದಿಂದ ಅಳೆಯುತ್ತಾರೆ.